ಕೊನೆಯ ಚರಣದಲ್ಲಿ ಕುಳಿತ ಹೆಸರು

ಪಾಠಕ್ಕೆ ಬರುವ ಹುಡುಗಿಯೊಬ್ಬಳು ಮೊನ್ನೆ ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟಳು. ಈ ಸಲ ಸೀನಿಯರ್ ಪರೀಕ್ಷೆಗೆ ಕೂರುತ್ತಿದ್ದಾಳೆ. ಪುಟದ ತಲೆಯಲ್ಲಿ ದುಂಡಗಿನ ಅಕ್ಷರದಲ್ಲಿ ‘ಬ್ರೋಚೇವಾರೆವರುರಾ, ಖಮಾಚ್ ರಾಗ, ಆದಿತಾಳ, ತ್ಯಾಗರಾಜರು’ ಎಂದು ಬರೆದಿತ್ತು. ಸಾಹಿತ್ಯ ಸರಿಯಾಗಿತ್ತು, ಸ್ವರವೂ ಸರಿಯಾಗಿತ್ತು.

“ವಾಗ್ಗೇಯಕಾರರ ಹೆಸರನ್ನ ಎಲ್ಲಿಂದ ಬರಕೊಂಡೆ?” ಎಂದು ಕೇಳಿದೆ.

“ಎಲ್ಲಾ ಹಾಗೇ ಹೇಳ್ತಾರಲ್ಲ ಮಿಸ್. ತೆಲುಗಿನಲ್ಲಿದೆ, ರಾಮನ ಮೇಲಿದೆ. ತ್ಯಾಗರಾಜರದೇ ಅಲ್ವಾ?”

ಅವಳ ಊಹೆಗೆ ಕಾರಣವಿತ್ತು. ತೆಲುಗಿನಲ್ಲಿ ರಾಮನಿಗೆ ಮೊರೆಯಿಡುವ ಕೃತಿ ಎಂದರೆ ನಮಗೆ ಮೊದಲು ನೆನಪಾಗುವುದು ತಿರುವಯ್ಯಾರು. ಅದೂ ಅಲ್ಲದೆ ಖಮಾಚ್ ರಾಗದಲ್ಲೇ ತ್ಯಾಗರಾಜರದೊಂದು ಪ್ರಸಿದ್ಧ ಕೃತಿ ಸೀತಾಪತಿಯನ್ನು ಕರೆಯುತ್ತಲೇ ಶುರುವಾಗುತ್ತದೆ. ಈ ಹಾಡಿನ ಚರಣವೂ ಅದೇ ಸಂಬೋಧನೆಯಿಂದ ಹೊರಡುತ್ತದೆ. 1980ರಲ್ಲಿ ‘ಶಂಕರಾಭರಣಂ’ ಸಿನಿಮಾ ಬಂದಮೇಲೆ ಈ ಕೃತಿ ಸಂಗೀತ ಗೊತ್ತಿಲ್ಲದ ಮನೆಗಳಿಗೂ ಹೋಯಿತು. ಹೋದ ಕಡೆಯೆಲ್ಲ ತ್ಯಾಗರಾಜರ ಹೆಸರೂ ಅದಕ್ಕೆ ಅಂಟಿಕೊಂಡಿತು. ಹುಡುಗಿಗೆ ನಾನು ಉತ್ತರ ಹೇಳಲಿಲ್ಲ. ಉತ್ತರ ಅವಳದೇ ಪುಟದಲ್ಲಿ, ಅವಳದೇ ಕೈಬರಹದಲ್ಲಿ ಇತ್ತು. ಅದನ್ನು ಹೇಗೆ ಹುಡುಕಬೇಕೆಂದು ಮಾತ್ರ ತೋರಿಸಿದೆ.

ಕನ್ನಡದವರಿಗೆ ಈ ಕೆಲಸ ಹೊಸದಲ್ಲ. ‘ಕೂಡಲಸಂಗಮದೇವ’ ಎಂದು ಮುಗಿದರೆ ಬಸವಣ್ಣ, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕ, ‘ಪುರಂದರವಿಠಲ’ ಎಂದರೆ ದಾಸರು ಎಂಬುದನ್ನು ನಾವು ಶಾಲೆಯ ಪದ್ಯಭಾಗದಲ್ಲೇ ಕಲಿತಿರುತ್ತೇವೆ. ದಾಸರ ಪದಗಳಲ್ಲಿ ಅಂಕಿತ ಎನ್ನುವುದನ್ನು ಕೃತಿಗಳ ವಿಷಯದಲ್ಲಿ ಮುದ್ರೆ ಎನ್ನುತ್ತಾರೆ. ಅಂಕಿತ ಸಾಮಾನ್ಯವಾಗಿ ಬಾಗಿಲಲ್ಲೇ ನಿಂತಿರುತ್ತದೆ, ತಪ್ಪದೆ ಕಾಣುತ್ತದೆ. ಕೃತಿಯ ಮುದ್ರೆಯಾದರೋ ಎಷ್ಟೋ ಸಲ ಸಾಹಿತ್ಯದ ಅರ್ಥದೊಳಗೇ ಕರಗಿ ಕೂತಿರುತ್ತದೆ. ಅರ್ಥ ಬಿಡಿಸದೆ ಹಾಡಿಕೊಂಡು ಹೋದರೆ ಇಪ್ಪತ್ತು ವರ್ಷ ಹಾಡಿದರೂ ಅದು ಕಿವಿಗೆ ಬೀಳದಿರಬಹುದು.

ನೋಡಬೇಕಾದ ಮೊದಲ ಜಾಗ ಚರಣ. ಹಲವು ಚರಣಗಳಿದ್ದರೆ ಕೊನೆಯದು. ಪಲ್ಲವಿ, ಅನುಪಲ್ಲವಿಗಳಲ್ಲಿ ಮುದ್ರೆ ಇಟ್ಟವರೂ ಇದ್ದಾರೆ, ಆದರೆ ಅಂಥವು ಕಡಿಮೆ. ಹುಡುಗಿಗೆ ಮೊದಲು ಮಾಡಿಸಿದ್ದು ಇಷ್ಟೇ: ತಾಳದ ಗೆರೆ, ಸ್ವರ, ಅಡ್ಡಗೀಟು ಎಲ್ಲ ಬಿಟ್ಟು ಚರಣವನ್ನು ಗದ್ಯದ ಹಾಗೆ ಒಂದೇ ಸಾಲಿನಲ್ಲಿ ಬರೆಯುವುದು. ಹಾಡುವಾಗ ಪದಗಳು ತಾಳಕ್ಕೆ ತಕ್ಕಂತೆ ತುಂಡಾಗುತ್ತವೆ. ಒಂದು ಪದದ ಬಾಲ ಮುಂದಿನ ಪದದ ತಲೆಗೆ ಸೇರಿಕೊಂಡು ಬೇರೆಯೇ ಸದ್ದಾಗುತ್ತದೆ. ಗದ್ಯವಾಗಿ ಬರೆದು ಪದ ಬಿಡಿಸಿದರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಅದರಲ್ಲಿರುವ ಹೆಸರುಗಳಿಗೆಲ್ಲ ಕೆಳಗೆ ಗೆರೆ ಎಳೆಯಲು ಹೇಳಿದೆ.

ಎಳೆದಳು. ಮೊದಲು ಸೀತೆಯ ಪತಿ. ಆಮೇಲೆ ವಾಯುಪುತ್ರನಿಂದ ಪೂಜೆಗೊಂಡ ಪಾದದವನು. ಎರಡೂ ರಾಮನಿಗೆ ನೇರ ಒಪ್ಪುವ ಹೆಸರುಗಳು. ಅನಂತರ ಗಜೇಂದ್ರನ ಕಥೆ ಬರುತ್ತದೆ. ಆತುರದಿಂದ ಬಂದು ಆನೆಗಳ ರಾಜನನ್ನು ಉಳಿಸಿದ ಆ ದೇವರು ನೀನೇ ಅಲ್ಲವೇ, ನನ್ನ ಪಾಪವನ್ನೂ ಕಳೆದು ಕೈಹಿಡಿ, ಬಿಡಬೇಡ ಎಂಬ ಭಾವ. ಆ ದೇವರಿಗೆ ಕೃತಿ ಕೊಟ್ಟಿರುವ ಹೆಸರು ವಾಸುದೇವ.

“ಗಜೇಂದ್ರನನ್ನು ಕಾಪಾಡಿದವನಿಗೆ ಎಷ್ಟು ಹೆಸರಿದೆ?” ಎಂದು ಕೇಳಿದೆ.

“ತುಂಬಾ ಇದೆ. ಹರಿ, ನಾರಾಯಣ, ಶ್ರೀಪತಿ…”

“ರಾಮನ ಹಾಡಿನಲ್ಲಿ ಅಷ್ಟು ಹೆಸರು ಬಿಟ್ಟು ವಾಸುದೇವ ಅಂತಲೇ ಯಾಕೆ ಬಂತು?”

ಅವಳು ಪೆನ್ಸಿಲ್ ಹಿಡಿದು ಸುಮ್ಮನೆ ಕೂತಳು. ನಾನು ಇಲ್ಲಿ ಯಾವಾಗಲೂ ಸ್ವಲ್ಪ ಹೊತ್ತು ಬಿಡುತ್ತೇನೆ. ವಾಸುದೇವ ಎಂಬುದು ವಿಷ್ಣುವಿಗೆ ಸಾಮಾನ್ಯವಾಗಿ ಸಲ್ಲುವ ಹೆಸರೇ, ಅದರಲ್ಲಿ ತಪ್ಪೇನೂ ಇಲ್ಲ. ಆದರೂ ಕೇಳಿದ ಕೂಡಲೇ ಮನಸ್ಸು ವಸುದೇವನ ಮಗ ಕೃಷ್ಣನ ಕಡೆ ಹೋಗುತ್ತದೆ. ರಘುವರನನ್ನು ಕರೆಯುತ್ತಿರುವ ಕೃತಿಯಲ್ಲಿ ಆ ಒಂದು ಹೆಸರು ತುಸು ಪಕ್ಕಕ್ಕೆ ಸರಿದು ನಿಂತಂತೆ ಕಾಣುತ್ತದೆ. ಹೀಗೆ ಅರ್ಥಕ್ಕೆ ಕೂಡುವ, ಆದರೆ ಅಲ್ಲಿ ಬರಲೇಬೇಕೆಂದಿಲ್ಲದ ಹೆಸರು ಸಿಕ್ಕಿದರೆ ಅಲ್ಲಿ ನಿಲ್ಲಬೇಕು. ಅದೇ ಮುದ್ರೆಯಿರಬಹುದು.

ಅದರ ಜೊತೆಗೆ ಇನ್ನೊಂದು ಪರೀಕ್ಷೆ: ಇಡೀ ಸಾಹಿತ್ಯದಲ್ಲಿ ‘ತ್ಯಾಗರಾಜ’ ಎಂಬ ಪದ ಎಲ್ಲಾದರೂ ಇದೆಯೇ? ಇಲ್ಲ. ತ್ಯಾಗರಾಜರು ತಮ್ಮ ಹೆಸರನ್ನು ಮರೆಮಾಡಿದವರಲ್ಲ. ಅವರ ಕೃತಿಗಳಲ್ಲಿ ಆ ಹೆಸರು ರೂಢಿಯಾಗಿ ಚರಣದಲ್ಲಿ, ಪೂರ್ತಿಯಾಗಿ ಇರುತ್ತದೆ. ಹಾಗಾಗಿ ಚರಣ ಪೂರ್ತಿ ಕೈಯಲ್ಲಿದ್ದೂ ಆ ಹೆಸರು ಇಲ್ಲವೆಂದರೆ, ಆ ಇಲ್ಲದಿರುವಿಕೆಯೇ ದೊಡ್ಡ ಸಾಕ್ಷಿ. ಇರುವುದು ವಾಸುದೇವ. ಅದು ಮೈಸೂರು ವಾಸುದೇವಾಚಾರ್ಯರ ಮುದ್ರೆ. 1865ರಲ್ಲಿ ಹುಟ್ಟಿ 1961ರವರೆಗೆ ಬಾಳಿದವರು. ಮೈಸೂರು ಅರಮನೆಯ ನೆರವಿನಿಂದ ತಮಿಳುನಾಡಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಗುರುಕುಲವಾಸ ಮಾಡಿದವರು. ಗದ್ಯ ಬರೆದದ್ದು ಕನ್ನಡದಲ್ಲಿ. ಅವರ ‘ನಾ ಕಂಡ ಕಲಾವಿದರು’ ಓದದ ಸಂಗೀತಾಸಕ್ತರು ನಮ್ಮಲ್ಲಿ ಕಡಿಮೆ. ಕೃತಿ ರಚಿಸಿದ್ದು ಮಾತ್ರ ಹೆಚ್ಚಾಗಿ ತೆಲುಗು ಮತ್ತು ಸಂಸ್ಕೃತದಲ್ಲಿ. ನಮ್ಮೂರಿನವರ ಹಾಡನ್ನು ನಾವೇ ಇನ್ನೊಬ್ಬರ ಖಾತೆಗೆ ಹಾಕಿಬಿಟ್ಟಿದ್ದಕ್ಕೆ ಈ ಭಾಷೆಯೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಮೈಸೂರಿನವರು ಬರೆದರೆ ಅದು ಕನ್ನಡದಲ್ಲೇ ಇರುತ್ತದೆ ಎಂಬ ಎಣಿಕೆ ನಮ್ಮ ತಲೆಯಲ್ಲಿ ಕೂತಿದೆ.

ಕಚೇರಿಯಲ್ಲಿ ಈ ಮುದ್ರೆ ಯಾಕೆ ಕಿವಿಗೆ ಬೀಳುವುದಿಲ್ಲ ಎಂಬುದಕ್ಕೂ ಕಾರಣವಿದೆ. ಹಾಡುಗಾರರು ಸಾಮಾನ್ಯವಾಗಿ ಚರಣದ ಮೊದಲ ಸಾಲನ್ನು ಹಿಡಿದು ಸ್ವರ ಹಾಕುತ್ತಾರೆ. ಸೀತಾಪತಿಯ ಹೆಸರು ಹತ್ತಾರು ಸಲ ಬರುತ್ತದೆ, ಮನೆಗೆ ಹೋದಮೇಲೂ ಗುನುಗುತ್ತದೆ. ವಾಸುದೇವ ಅದರ ಮುಂದಿನ ಸಾಲಿನಲ್ಲಿ ಒಂದೆರಡು ಸಲ ಸರಿದುಹೋಗುತ್ತಾನೆ.

ಇಷ್ಟು ಕಂಡುಕೊಂಡ ಖುಷಿಯಲ್ಲಿ ಹುಡುಗಿ ಹಿಂದಿನ ಪುಟ ತಿರುಗಿಸಿ, “ಹಾಗಾದ್ರೆ ಇದೂ ವಾಸುದೇವಾಚಾರ್ಯರದೇನಾ?” ಎಂದು ಕಲ್ಯಾಣಿಯ ‘ವಾಸುದೇವಯನಿ’ ತೋರಿಸಿದಳು. ಹೊಸಬರು ಜಾರುವ ಜಾಗ ಇದೇ. ಆ ಕೃತಿ ತ್ಯಾಗರಾಜರದು. ಅವರ ‘ಪ್ರಹ್ಲಾದ ಭಕ್ತಿ ವಿಜಯ’ ಎಂಬ ಗೇಯನಾಟಕದಲ್ಲಿ ದ್ವಾರಪಾಲಕ ರಂಗಕ್ಕೆ ಬರುವ ಸಂದರ್ಭದ್ದು. ವಾಸುದೇವ ಎನ್ನುತ್ತಾ ಅವನು ಬಂದ ಎಂದು ಬಣ್ಣಿಸುವ ಹಾಡು. ಆ ಹೆಸರು ಅಲ್ಲಿ ಹಾಡಿನ ವಸ್ತು. ಅದನ್ನು ತೆಗೆದರೆ ಹಾಡೇ ಉಳಿಯುವುದಿಲ್ಲ. ಮುದ್ರೆಯನ್ನು ತೆಗೆದು ಅದೇ ಅರ್ಥದ, ಅಷ್ಟೇ ಮಾತ್ರೆಯ ಬೇರೆ ಹೆಸರು ಹಾಕಿದರೆ ಹಾಡಿನ ಅರ್ಥ ಕೆಡುವುದಿಲ್ಲ, ಒಡೆಯನ ಗುರುತು ಮಾತ್ರ ಹೋಗುತ್ತದೆ. ಅನುಮಾನ ಬಂದಾಗಲೆಲ್ಲ ನಾನು ಈ ಅದಲುಬದಲು ಮಾಡಿ ನೋಡುತ್ತೇನೆ.

ಹೆಸರು ಸಿಕ್ಕಿದರೆ ಸಾಲದು, ಅದು ಅಕ್ಕಪಕ್ಕದ ಪದಗಳ ಜೊತೆ ಹೇಗೆ ಸೇರಿದೆ ಎಂದೂ ನೋಡಬೇಕು. ನನಗೆ ಇಡೀ ವಿಷಯದಲ್ಲಿ ಅತಿ ಪ್ರೀತಿಯ ಭಾಗ ಇದು.

ತ್ಯಾಗರಾಜರದು ಸ್ವನಾಮಮುದ್ರೆ, ತಮ್ಮದೇ ಹೆಸರು. ಅವರ ಸಾಹಿತ್ಯದಲ್ಲಿ ಅದು ‘ತ್ಯಾಗರಾಜನುತ’, ‘ತ್ಯಾಗರಾಜವಿನುತ’, ‘ತ್ಯಾಗರಾಜಾರ್ಚಿತ’ ಎಂಬಂಥ ಸಮಾಸಗಳಾಗಿ ಬರುತ್ತದೆ. ತ್ಯಾಗರಾಜನಿಂದ ಸ್ತುತಿಗೊಂಡವನೇ, ಪೂಜೆಗೊಂಡವನೇ ಎಂದು ದೇವರನ್ನು ಕರೆಯುವುದು. ಇಲ್ಲಿ ದೇವರು ಒಂದು ಕಡೆ, ಹೆಸರಿನವನು ಇನ್ನೊಂದು ಕಡೆ ಕೈಮುಗಿದು ನಿಂತಿರುತ್ತಾನೆ. ‘ನುತ’, ‘ವಿನುತ’, ‘ಸನ್ನುತ’ ಎಂಬ ಬಾಲ ಕಂಡರೆ ಅದರ ಹಿಂದಿನ ಹೆಸರು ಭಕ್ತನದು ಎಂದು ತಿಳಿಯಬಹುದು. ಆದರೆ ಬ್ರಹ್ಮ, ಇಂದ್ರ, ನಾರದರಿಂದ ಸ್ತುತಿಗೊಂಡವನೇ ಎಂದೂ ಹಾಡುಗಳಲ್ಲಿ ಬರುತ್ತದೆ. ಪುರಾಣದ ಭಕ್ತರನ್ನೆಲ್ಲ ಬದಿಗಿಟ್ಟಮೇಲೆ ಉಳಿದವನು ವಾಗ್ಗೇಯಕಾರ.

ಶ್ಯಾಮಾಶಾಸ್ತ್ರಿಗಳದು ಬೇರೆ ದಾರಿ. ಅವರಿಗೆ ಇಟ್ಟ ಹೆಸರು ವೆಂಕಟಸುಬ್ರಹ್ಮಣ್ಯ, ಮನೆಯಲ್ಲಿ ಮುದ್ದಿನಿಂದ ಕರೆಯುತ್ತಿದ್ದದ್ದು ಶ್ಯಾಮಕೃಷ್ಣ. ಆ ಮುದ್ದಿನ ಹೆಸರೇ ಮುದ್ರೆಯಾಯಿತು. ಅವರು ಹಾಡಿದ್ದು ಹೆಚ್ಚಾಗಿ ಕಾಮಾಕ್ಷಿಯನ್ನು. ದೇವಿಯ ಹಾಡಿನಲ್ಲಿ ಕೃಷ್ಣನ ಹೆಸರನ್ನು ಎಲ್ಲಿಡುವುದು? ‘ಶ್ಯಾಮಕೃಷ್ಣಸೋದರಿ’ ಎಂದರು. ಪಾರ್ವತಿ ವಿಷ್ಣುವಿನ ತಂಗಿಯಲ್ಲವೇ. ಪುರಾಣದ ಅರ್ಥ ಒಂದಿಷ್ಟೂ ಅಲುಗುವುದಿಲ್ಲ. ಅದರೊಳಗೇ ತಂಜಾವೂರಿನ ಅರ್ಚಕರೊಬ್ಬರು ತಾಯಿಯನ್ನು ಅಕ್ಕ ಎಂದು ಕರೆದ ಸದ್ದೂ ಕೇಳುತ್ತದೆ. ಎರಡನ್ನೂ ಅವರು ಮನಸ್ಸಿನಲ್ಲಿಟ್ಟೇ ಬರೆದಿರಬೇಕು ಎಂದು ನನಗೆ ಪ್ರತಿ ಸಲ ಹಾಡುವಾಗಲೂ ಅನ್ನಿಸುತ್ತದೆ.

ಮುತ್ತುಸ್ವಾಮಿ ದೀಕ್ಷಿತರ ‘ಗುರುಗುಹ’ ಅವರ ಹೆಸರೇ ಅಲ್ಲ. ಗುಹ ಎಂದರೆ ಸುಬ್ರಹ್ಮಣ್ಯ. ತಿರುತ್ತಣಿಯ ಬೆಟ್ಟದಲ್ಲಿ ವೃದ್ಧನ ರೂಪದಲ್ಲಿ ಸ್ಕಂದ ಬಂದು ಬಾಯಿಗೆ ಕಲ್ಲುಸಕ್ಕರೆ ಹಾಕಿದ, ಆಮೇಲೆ ಮೊದಲ ಕೃತಿ ಹೊರಟಿತು ಎಂಬುದು ಸಂಪ್ರದಾಯದ ಕಥೆ. ಅಲ್ಲಿಂದ ಗುರುವಾದ ಗುಹನೇ ಅವರ ಮುದ್ರೆ. ಈ ಹೆಸರಿನ ಅನುಕೂಲ ಏನೆಂದರೆ ಅದು ಶಿವನ ಮನೆಯ ಎಲ್ಲರಿಗೂ ನಂಟಿನಲ್ಲಿ ಸೇರುತ್ತದೆ. ದೇವಿಯನ್ನು ಹಾಡಿದರೆ ಗುರುಗುಹನ ಜನನಿ. ಶಿವನನ್ನು ಹಾಡಿದರೆ ಗುರುಗುಹನ ತಂದೆ. ಗಣಪತಿಯನ್ನು ಹಾಡಿದರೆ ಗುರುಗುಹನ ಅಣ್ಣ. ಬೇರೆ ದೇವರಾದರೆ ಗುರುಗುಹನಿಗೆ ಸಂತೋಷ ಕೊಟ್ಟವನು, ಗುರುಗುಹನು ಬಲ್ಲವನು. ಸೂರ್ಯನ ಮೇಲಿನ ‘ಸೂರ್ಯಮೂರ್ತೇ’ ಕೃತಿಯ ಚರಣದಲ್ಲಿ ಇದನ್ನು ನೋಡಬಹುದು. ಸೂರ್ಯನಿಗೂ ಸ್ಕಂದನಿಗೂ ಮನೆಯ ನಂಟಿಲ್ಲ, ಹಾಗಾಗಿ ಅಲ್ಲಿ ‘ಗುರುಗುಹಮೋದಿತ’ ಎಂದು ಸೇರಿಸಿದ್ದಾರೆ.

ಅದೇ ಚರಣದಲ್ಲಿ ಇನ್ನೊಂದು ಹೆಸರೂ ಅಡಗಿದೆ. ದೀಕ್ಷಿತರು ತಮ್ಮ ಮುದ್ರೆಯ ಜೊತೆ ಎಷ್ಟೋ ಕೃತಿಗಳಲ್ಲಿ ರಾಗದ ಹೆಸರನ್ನೂ ಹೆಣೆಯುತ್ತಾರೆ. ಈ ಕೃತಿ ಸೌರಾಷ್ಟ್ರ ರಾಗದ್ದು. ಸೂರ್ಯನಿಗೂ ಸೌರಾಷ್ಟ್ರ ದೇಶಕ್ಕೂ ಏನು ಸಂಬಂಧ? ಅವರು ಬರೆದದ್ದು ‘ಸೌರಾಷ್ಟಾರ್ಣ’ ಎಂದು. ಸೌರ, ಅಷ್ಟ, ಅರ್ಣ: ಸೂರ್ಯನ ಎಂಟಕ್ಷರದ ಮಂತ್ರ. ಅರ್ಥ ಮಂತ್ರದ್ದು, ಕಿವಿಗೆ ಬೀಳುವುದು ರಾಗದ ಹೆಸರು. ಹೀಗೆ ಸಂಸ್ಕೃತ ಸಾಹಿತ್ಯ, ಸಮಾಸದೊಳಗೆ ಗುರುಗುಹ, ಒಡೆದು ಕೂಡಿಸಿದ ರಾಗದ ಹೆಸರು ಮೂರೂ ಒಟ್ಟಿಗೆ ಸಿಕ್ಕಿದರೆ ದೀಕ್ಷಿತರ ಕಡೆಗೆ ಧೈರ್ಯವಾಗಿ ನಡೆಯಬಹುದು.

ದೇವರ ಹೆಸರೂ ವಾಗ್ಗೇಯಕಾರರ ಹೆಸರೂ ಒಂದೇ ಆಗಿಬಿಟ್ಟರೆ? ಇದಕ್ಕೆ ತಿರುವಾರೂರಿಗಿಂತ ಒಳ್ಳೆಯ ಉದಾಹರಣೆ ಸಿಗದು. ತ್ರಿಮೂರ್ತಿಗಳು ಮೂವರೂ ಹುಟ್ಟಿದ ಊರು ಅದು. ಅಲ್ಲಿಯ ದೇವಸ್ಥಾನದ ಸ್ವಾಮಿಯ ಹೆಸರು ತ್ಯಾಗರಾಜ. ನಮ್ಮ ತ್ಯಾಗರಾಜರ ಹೆಸರೂ ಆ ಸ್ವಾಮಿಯದೇ. ದೀಕ್ಷಿತರು ಆ ಸ್ವಾಮಿಯ ಮೇಲೆ ವಿಭಕ್ತಿ ಕೃತಿಗಳನ್ನು ರಚಿಸಿದ್ದಾರೆ. ಸಂಸ್ಕೃತದ ಒಂದೊಂದು ವಿಭಕ್ತಿಯಲ್ಲೂ ತ್ಯಾಗರಾಜನನ್ನು ಇಟ್ಟು ಹಾಡುವ ಸಾಲು. ಬೇಗಡೆಯ ‘ತ್ಯಾಗರಾಜಾಯ ನಮಸ್ತೇ’ ಆ ಗುಂಪಿನದು. ಹೆಸರನ್ನಷ್ಟೇ ಹುಡುಕಿ ಹೊರಟವರು ಇದನ್ನು ತಿರುವಯ್ಯಾರಿಗೆ ಕಳಿಸಿಬಿಡುತ್ತಾರೆ. ಆದರೆ ಸಂಬಂಧ ನೋಡಿ: ಇಲ್ಲಿ ತ್ಯಾಗರಾಜನಿಂದ ಯಾರಿಗೂ ಪೂಜೆಯಿಲ್ಲ, ತ್ಯಾಗರಾಜನಿಗೇ ನಮಸ್ಕಾರ. ಆ ಹೆಸರು ಪಲ್ಲವಿಯ ಬಾಯಲ್ಲೇ ಇದೆ. ಇನ್ನೂ ಕೆಳಗಿಳಿದರೆ ಗುರುಗುಹ ಕಾಯುತ್ತಿರುತ್ತಾನೆ. ಹಾಗಾಗಿ ಮೊದಲು ಸಿಕ್ಕಿದ ಹೆಸರಿಗೇ ನಿಲ್ಲಬಾರದು, ಸಾಹಿತ್ಯವನ್ನು ಕೊನೆಯವರೆಗೂ ಓದಬೇಕು.

ಮೈಸೂರಿನಲ್ಲೇ ಇದರ ಇನ್ನೊಂದು ರೂಪವಿದೆ. ಜಯಚಾಮರಾಜ ಒಡೆಯರು ರಚಿಸಿದ 94 ಕೃತಿಗಳ ಮುದ್ರೆ ‘ಶ್ರೀವಿದ್ಯಾ’. ಅವರು ಶ್ರೀವಿದ್ಯಾ ಉಪಾಸಕರು. ದೀಕ್ಷಿತರೂ ಶ್ರೀವಿದ್ಯಾ ಉಪಾಸಕರು. ಇಬ್ಬರ ಭಾಷೆಯೂ ಸಂಸ್ಕೃತ. ರಾಗದ ಹೆಸರನ್ನು ಸಾಹಿತ್ಯದಲ್ಲಿ ಹೆಣೆಯುವ ದೀಕ್ಷಿತರ ಅಭ್ಯಾಸವನ್ನು ಒಡೆಯರೂ ಹಿಡಿದಿದ್ದಾರೆ. ದೀಕ್ಷಿತರ ದೇವೀಕೃತಿಗಳಲ್ಲಿ ಶ್ರೀವಿದ್ಯೆಯ ಮಾತು ಉಪಾಸನೆಯ ಪರಿಭಾಷೆಯಾಗಿ ಸಹಜವಾಗಿಯೇ ಬಂದೀತು. ಕಿವಿಗೆ ಮಾತ್ರ ಒಪ್ಪಿಸಿದರೆ ಇಬ್ಬರನ್ನೂ ಬೇರ್ಪಡಿಸುವುದು ಕಷ್ಟ. ನಾನು ಅನುಸರಿಸುವ ಕ್ರಮ ಹೀಗೆ: ಮೊದಲು ಗುರುಗುಹ ಇದೆಯೇ ನೋಡುವುದು. ಇದ್ದರೆ ಶ್ರೀವಿದ್ಯಾ ಎಂಬುದು ವಿಷಯ. ಗುರುಗುಹ ಇಲ್ಲದೆ, ಚರಣದಲ್ಲಿ ಶ್ರೀವಿದ್ಯಾ ಒಂದೇ ನಿಂತಿದ್ದರೆ ಅರಮನೆಯ ಕಡೆ ತಿರುಗುವುದು.

ಸ್ವಾತಿ ತಿರುನಾಳರ ಕೃತಿಗಳಿಗೆ ನಿಘಂಟು ಬೇಕಾಗುತ್ತದೆ. ತಿರುವಾಂಕೂರಿನ ಅರಸರ ಕುಲದೈವ ಅನಂತಶಯನದ ಪದ್ಮನಾಭ, ಅವನೇ ಅವರ ಮುದ್ರೆ. ಆದರೆ ಪ್ರಾಸಕ್ಕೂ ಮಾತ್ರೆಗೂ ತಕ್ಕಂತೆ ಅವರು ಪದ್ಮವನ್ನು ಬದಲಿಸುತ್ತಾ ಹೋಗುತ್ತಾರೆ. ಪಂಕಜನಾಭ, ಸರಸಿಜನಾಭ, ಜಲಜನಾಭ, ಅಬ್ಜನಾಭ ಎಲ್ಲವೂ ಒಬ್ಬನೇ. ಅಮರಕೋಶದಲ್ಲಿ ತಾವರೆಗೆ ಇರುವ ಯಾವ ಪದವಾದರೂ ಆಗಬಹುದು, ಅದರ ಮುಂದೆ ನಾಭ ಬಂದರೆ ಸಾಕು. ಆದ್ದರಿಂದ ಇಲ್ಲಿ ‘ಪದ್ಮನಾಭ’ ಎಂಬ ನಾಲ್ಕಕ್ಷರ ಹುಡುಕಿ ಸಿಗಲಿಲ್ಲ ಎಂದು ಪುಟ ಮುಚ್ಚಬಾರದು. ಹುಡುಕಬೇಕಾದದ್ದು ಅರ್ಥವನ್ನು.

ಒಂದೇ ಮುದ್ರೆ ಇಬ್ಬರದಾಗಿರುವುದೂ ಉಂಟು. ‘ರಾಮದಾಸ’ ಎಂಬುದು ಭದ್ರಾಚಲದ ಕಂಚೆರ್ಲ ಗೋಪಣ್ಣನವರ ಅಂಕಿತ. ಗೋಲ್ಕೊಂಡದ ತಾನಾಷಾನ ಕಾಲದಲ್ಲಿ ಸೆರೆಮನೆ ಕಂಡವರು. ಇಪ್ಪತ್ತನೆಯ ಶತಮಾನದ ಪಾಪನಾಶಂ ಶಿವನ್ ಅವರ ಮುದ್ರೆಯೂ ರಾಮದಾಸ. ಅವರ ಹುಟ್ಟುಹೆಸರು ರಾಮಯ್ಯ. ಇಲ್ಲಿ ಮುದ್ರೆ ಉತ್ತರ ಕೊಡುವುದಿಲ್ಲ, ಭಾಷೆ ಕೊಡುತ್ತದೆ. ಗೋಪಣ್ಣನವರದು ತೆಲುಗು, ಭದ್ರಗಿರಿಯ ರಾಮನೇ ಎದುರಿಗೆ. ಶಿವನ್ ಅವರದು ಬಹುಪಾಲು ತಮಿಳು, ಮುರುಗನೂ ಕಪಾಲಿಯೂ ಗಣಪತಿಯೂ ಬರುತ್ತಾರೆ. ಹಾಗೆಯೇ ಗುರುಗುಹ ಕಂಡ ಕೂಡಲೇ ದೀಕ್ಷಿತರೆಂದು ಬರೆಯಬಾರದ ಜಾಗವೂ ಇದೆ. ದೀಕ್ಷಿತರ ಶಿಷ್ಯರಾದ ತಂಜಾವೂರು ಸಹೋದರರು ಗುರುವಿನ ಮುದ್ರೆಯನ್ನು ಭಕ್ತಿಯಿಂದ ತಮ್ಮ ಸಾಹಿತ್ಯದಲ್ಲಿಟ್ಟರು. ಪೊನ್ನಯ್ಯನವರ ಪೂರ್ವಿಕಲ್ಯಾಣಿಯ ‘ಸಾಟಿಲೇನಿ’ ಗುರುಗುಹನನ್ನು ಪಲ್ಲವಿಯಲ್ಲೇ ಕರೆಯುತ್ತದೆ. ಅದು ತೆಲುಗಿನಲ್ಲಿದೆ ಎಂಬುದೇ ಮೊದಲ ಎಚ್ಚರಿಕೆ. ದೀಕ್ಷಿತರ ರಚನೆಗಳಲ್ಲಿ ಬಹುತೇಕ ಎಲ್ಲವೂ ಸಂಸ್ಕೃತ.

ನಮ್ಮ ದಾಸಸಾಹಿತ್ಯಕ್ಕೆ ಬಂದರೆ ‘ವಿಠಲ’ ಕೇಳಿದ ಕೂಡಲೇ ಪುರಂದರದಾಸರೆಂದು ಹೇಳಿಬಿಡುವ ಅವಸರ ಒಂದಿದೆ. ಹಿಡಿಯಬೇಕಾದದ್ದು ವಿಠಲದ ಹಿಂದಿನ ಪದವನ್ನು. ರಂಗವಿಠಲ ಶ್ರೀಪಾದರಾಜರು, ವಿಜಯವಿಠಲ ವಿಜಯದಾಸರು, ಗೋಪಾಲವಿಠಲ ಗೋಪಾಲದಾಸರು, ಜಗನ್ನಾಥವಿಠಲ ಜಗನ್ನಾಥದಾಸರು. ಹಾಡುವಾಗ ಆ ಮೊದಲ ಪದವೇ ಉಸಿರಿನಲ್ಲಿ ಅರ್ಧ ಹೋಗಿರುತ್ತದೆ, ವಿಠಲ ಮಾತ್ರ ಗಟ್ಟಿಯಾಗಿ ಕೇಳುತ್ತದೆ. ವಿಠಲವೇ ಇಲ್ಲದ ಅಂಕಿತಗಳೂ ಇವೆ. ‘ಕೃಷ್ಣಾ ನೀ ಬೇಗನೆ ಬಾರೋ’ ಪದವನ್ನು ಪುರಂದರದಾಸರದೆಂದು ಹೇಳುವವರನ್ನು ನಾನು ಎಷ್ಟೋ ಸಭೆಗಳಲ್ಲಿ ಕಂಡಿದ್ದೇನೆ. ಕೊನೆಯ ಚರಣದಲ್ಲಿ ಉಡುಪಿಯ ಶ್ರೀಕೃಷ್ಣನಿದ್ದಾನೆ. ಶ್ರೀಕೃಷ್ಣ ಅಥವಾ ಸಿರಿಕೃಷ್ಣ ಎಂಬುದು ವ್ಯಾಸರಾಯರ ಅಂಕಿತ. ಹಾಡು ಪೂರ್ತಿ ಕೃಷ್ಣನದೇ ಆದ್ದರಿಂದ ಆ ಕೊನೆಯ ಹೆಸರನ್ನು ಯಾರೂ ಅಂಕಿತವೆಂದು ಗಮನಿಸುವುದಿಲ್ಲ, ಇನ್ನೊಂದು ಸಲ ಕೃಷ್ಣನನ್ನು ಕರೆದದ್ದು ಎಂದುಕೊಳ್ಳುತ್ತಾರೆ. ಸಮಯ ಸಾಲದೆಂದು ಹಾಡುಗಾರರು ಕೊನೆಯ ಚರಣವನ್ನೇ ಕೈಬಿಟ್ಟರಂತೂ ಗುರುತೇ ಇಲ್ಲ. ಚರಣ ಬಿಡಲೇಬೇಕಾದರೆ ನಡುವಿನದನ್ನು ಬಿಡಿ, ಅಂಕಿತದ ಚರಣ ಹಾಡಿ ಎಂದು ನನ್ನ ಗುರುಗಳು ಹೇಳುತ್ತಿದ್ದರು. ನಾನೂ ಅದನ್ನೇ ಮಕ್ಕಳಿಗೆ ಹೇಳುತ್ತೇನೆ.

ಇಷ್ಟೆಲ್ಲ ಆದಮೇಲೂ ಮುದ್ರೆ ಎಂಬುದು ಸುಳಿವು, ರುಜು ಅಲ್ಲ. ಭಕ್ತಿಯಿಂದಲೋ ಹಾಡಿಗೆ ಬೆಲೆ ಬರಲೆಂದೋ ದೊಡ್ಡವರ ಮುದ್ರೆಯನ್ನು ಬೇರೆಯವರು ಇಟ್ಟುಬಿಡಬಹುದು. ಬಾಯಿಂದ ಬಾಯಿಗೆ ಬರುವಾಗ ಹೆಚ್ಚು ಪರಿಚಿತ ಹೆಸರು ಕಡಿಮೆ ಪರಿಚಿತ ಹೆಸರಿನ ಜಾಗದಲ್ಲಿ ಕೂರಬಹುದು. ಹಾಗಾಗಿ ಕೊನೆಯ ಹೆಜ್ಜೆ ಯಾವಾಗಲೂ ಹಳೆಯ ಪಾಠದ ಕಡೆಗೆ. ದೀಕ್ಷಿತರ ಕೃತಿಯಾದರೆ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಇದೆಯೇ ಎಂದು ನೋಡುತ್ತಾರೆ. ಅವರು ಆ ಮನೆತನದವರೇ. ಅದರಲ್ಲಿ ಇಲ್ಲದ ಮಾತ್ರಕ್ಕೆ ಕೃತಿ ಸುಳ್ಳಾಗುವುದಿಲ್ಲ. ಆದರೆ ಗುರುಗುಹ ಇದೆ ಎಂಬ ಒಂದೇ ಆಧಾರದ ಮೇಲೆ ಅದನ್ನು ದೀಕ್ಷಿತರದೆಂದು ಒಪ್ಪಲು ವಿದ್ವಾಂಸರು ಹಿಂಜರಿಯುತ್ತಾರೆ. ಆಗ ರಾಗದ ನಡೆ, ಸಂಸ್ಕೃತದ ಹದ, ಪ್ರಾಸದ ಕಟ್ಟು ಎಲ್ಲವನ್ನೂ ತೂಗಬೇಕಾಗುತ್ತದೆ. ತ್ಯಾಗರಾಜರ ಕೃತಿಗಳಿಗೆ ಶಿಷ್ಯಪರಂಪರೆಗಳ ಹಸ್ತಪ್ರತಿಗಳು ಆಧಾರ, ಅದರಲ್ಲೂ ವಾಲಾಜಾಪೇಟೆಯ ವೆಂಕಟರಮಣ ಭಾಗವತರ ಮನೆಯವು. ನಮ್ಮ ಮೈಸೂರು ಸದಾಶಿವರಾಯರು ಆ ವೆಂಕಟರಮಣ ಭಾಗವತರ ಶಿಷ್ಯರು. ಅವರ ಮುದ್ರೆ ‘ಸದಾಶಿವ’. ಸದಾಶಿವ ಬ್ರಹ್ಮೇಂದ್ರರ ಹಾಡು ಹುಡುಕುವವರು ಈ ಹೆಸರು ಕಂಡು ಮೋಸಹೋಗಬಾರದು. ಬ್ರಹ್ಮೇಂದ್ರರ ಮುದ್ರೆ ‘ಪರಮಹಂಸ’.

ವಾಸುದೇವಾಚಾರ್ಯರ ವಿಷಯದಲ್ಲಿ ನಾವು ಅದೃಷ್ಟವಂತರು. ಅವರು ನಮಗೆ ಹತ್ತಿರದ ಕಾಲದವರು. ಕೃತಿಗಳು ‘ವಾಸುದೇವ ಕೀರ್ತನ ಮಂಜರಿ’ಯಾಗಿ ಅಚ್ಚಾಗಿವೆ, ಅವರಿಂದ ನೇರವಾಗಿ ಪಾಠವಾದವರ ಪರಂಪರೆ ಇದೆ. ಹುಡುಗಿಯ ಚರಣದಲ್ಲಿ ಸಿಕ್ಕ ಸುಳಿವಿಗೆ ಪುಸ್ತಕದ ಒಪ್ಪಿಗೆಯೂ ಇದೆ. ಅವಳು ತ್ಯಾಗರಾಜರ ಹೆಸರಿನ ಮೇಲೆ ಗೆರೆ ಹಾಕಿ, ಪಕ್ಕದಲ್ಲಿ ‘ಮೈಸೂರು ವಾಸುದೇವಾಚಾರ್ಯರು’ ಎಂದು ಬರೆದಳು.

ಮುಂದಿನ ವಾರ ಬಂದಾಗ ಚಾಮುಂಡೇಶ್ವರಿಯ ಮೇಲಿನ ಒಂದು ಕನ್ನಡ ಕೃತಿಯನ್ನು ಗದ್ಯವಾಗಿ ಬರೆದುಕೊಂಡು ಬಂದಿದ್ದಳು. ನಾಲ್ವಡಿ ಕೃಷ್ಣರಾಜ ಒಡೆಯರು ಹೇಳಿ ಬರೆಸಿದ ನೂರೆಂಟರ ಗುಂಪಿನದು. ಹೆಸರುಗಳ ಕೆಳಗೆಲ್ಲ ಗೆರೆ. ಒಂದರ ಕೆಳಗೆ ಎರಡು ಗೆರೆ: ಹರಿಕೇಶ.

“ಮಿಸ್, ನಮ್ಮ ತಾತ ಇದು ಶಿವನ ಹೆಸರು ಅಂದ್ರು. ರುದ್ರದಲ್ಲಿ ಬರುತ್ತಂತೆ. ಚಾಮುಂಡಿ ಹಾಡಿನಲ್ಲಿ ಶಿವ ಬಂದರೆ ಅರ್ಥಕ್ಕೆ ಸರಿಹೋಗುತ್ತಲ್ಲ, ಹಾಗಾದ್ರೆ ಇದು ಮುದ್ರೆಯೋ ಅಲ್ವೋ?”

“ಶಿವನಿಗೆ ಎಷ್ಟು ಹೆಸರಿದೆ?” ಎಂದೆ.

ಅವಳು ನಕ್ಕಳು. ಕೈಯಲ್ಲಿದ್ದ ಪೆನ್ಸಿಲ್ಲಿನಿಂದ ಪುಟದ ತಲೆಯಲ್ಲಿ, ಹರಿಕೇಶ ಎಂಬ ಹೆಸರಿನ ಮುಂದೆ ಊರನ್ನೂ ಸೇರಿಸಿ, ನಿಧಾನವಾಗಿ ಬರೆದಳು: ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು.